ವದಂತಿಯ ವ್ಯಾಕರಣ: ‘ಅಂತೆ’ ಕಳಚಿಬೀಳುವ ಗಳಿಗೆ

‘ವದಂತಿ’ ಎಂಬ ಪದವು ಕನ್ನಡಕ್ಕೆ ಸಂಸ್ಕೃತದಿಂದ ಬಂದುದು. ಮೂಲದಲ್ಲಿ ಅದು ಒಂದು ಕ್ರಿಯಾರೂಪ. ‘ಹೇಳುತ್ತಾರೆ’ ಎಂಬುದು ಅದರ ಅರ್ಥ. ಹೇಳುವವರು ಯಾರೆಂಬುದು ಅದರಲ್ಲಿಲ್ಲ. ಕರ್ತೃವಿಲ್ಲದ ಈ ಕ್ರಿಯಾಪದವೇ ವಸ್ತುವಿನ ಹೆಸರಾಗಿ ನಿಂತಿರುವುದು ಅರ್ಥಪೂರ್ಣವಾಗಿದೆ. ಕನ್ನಡದ ಆಡುಮಾತು ಇದೇ ಕೆಲಸವನ್ನು ಒಂದು ಪುಟ್ಟ ರೂಪದಿಂದ ಮಾಡುತ್ತದೆ. ‘ಬಂದನು’ ಎಂದರೆ ಹೇಳುವವನು ಆ ಮಾತಿಗೆ ಹೊಣೆ. ‘ಬಂದನಂತೆ’ ಎಂದರೆ ಹೊಣೆ ಬೇರೆಯವರದು. ಈ ‘ಅಂತೆ’ ಕೇಳಿದ ಮಾತಿಗೂ ಕಂಡ ಸಂಗತಿಗೂ ನಡುವೆ ನಿಂತ ಬೇಲಿ. ‘ಅಂತೆ ಕಂತೆಗಳ ಸಂತೆ’ ಎಂಬ ಗಾದೆಮಾತು ಈ ರೂಪವನ್ನೇ ಹಿಡಿದು ಗಾಳಿಸುದ್ದಿಯನ್ನು ಹಳಿಯುತ್ತದೆ.

ಸಣ್ಣ ಊರೊಂದರಲ್ಲಿ ಸುದ್ದಿ ಹಬ್ಬುವುದನ್ನು ಬರೆಯಹೊರಟ ಕನ್ನಡ ಲೇಖಕನಿಗೆ ಈ ರೂಪವೇ ಮುಖ್ಯ ಉಪಕರಣ. ಆದರೂ ಬಹುಪಾಲು ಕಥೆಗಳಲ್ಲಿ ವದಂತಿಯು ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ: ‘ಬೆಳಗಾಗುವಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತು.’ ಈ ವಾಕ್ಯದಿಂದ ಕಥೆ ಮುಂದೆ ಸಾಗುತ್ತದೆ ನಿಜ, ಆದರೆ ನಡೆದದ್ದು ಏನೆಂಬುದು ಅದರಲ್ಲಿ ಅಡಗಿಹೋಗುತ್ತದೆ. ಸುದ್ದಿ ತಾನಾಗಿ ಹಬ್ಬುವುದಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಬೇಕು, ಹೇಳುವಾಗ ಒಂದು ಪದವನ್ನು ಬಿಡಬೇಕು, ಒಂದನ್ನು ಸೇರಿಸಬೇಕು. ಯಾವ ಬಾಯಲ್ಲಿ ‘ಅಂತೆ’ ಕಳಚಿತು, ಯಾವ ಬಾಯಲ್ಲಿ ಒಂದು ಹೆಸರು ಕೂಡಿಕೊಂಡಿತು ಎಂಬುದೇ ವದಂತಿಯ ಕಥೆ. ಅದನ್ನು ಬಿಟ್ಟು ಬರೆದಾಗ ಊರೆಲ್ಲ ತಪ್ಪಿತಸ್ಥವಾಗುತ್ತದೆ; ಹಾಗಾಗಿ ಯಾರೂ ತಪ್ಪಿತಸ್ಥರಾಗುವುದಿಲ್ಲ.

ಈ ಮಾತನ್ನು ಪರೀಕ್ಷಿಸಲು ಸಿ. ಬೆಳಗಲ್ಲಿನಂತಹ ಗಡಿಯೂರು ಉಚಿತವಾದ ನೆಲೆ. ಕರ್ನೂಲು ಜಿಲ್ಲೆಯ ಈ ಮಂಡಲದ ಉತ್ತರಕ್ಕೆ ತುಂಗಭದ್ರೆ ಹರಿಯುತ್ತದೆ. ಹೊಳೆಯ ಆಚೆ ಗದ್ವಾಲದ ಸೀಮೆ, ಇಂದು ತೆಲಂಗಾಣ. ಪಡುವಣಕ್ಕೆ ಹೋದರೆ ಆದೋನಿ ಮತ್ತು ಆಲೂರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಗುವವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ತಾಲೂಕುಗಳು. ಈ ಪಟ್ಟಿಯಲ್ಲಿ ಮನೆಯ ಕನ್ನಡ, ಬೀದಿಯ ತೆಲುಗು, ಪೇಟೆಯ ದಖನಿ ಉರ್ದು ಒಂದರ ಮಗ್ಗುಲಲ್ಲಿ ಒಂದಿವೆ. ಸುದ್ದಿಯೊಂದು ಸಂಜೆಯೊಳಗೆ ಮೂರು ಭಾಷೆಗಳನ್ನು ದಾಟಬಹುದು.

ಮೂರರಲ್ಲೂ ‘ಅಂತೆ’ಗೆ ಸಮನಾದ ರೂಪಗಳಿವೆ. ತೆಲುಗಿನಲ್ಲಿ ‘ಅಟ’, ಆಡುಮಾತಿನಲ್ಲಿ ‘ಅಂಟ’: ‘ವಚ್ಚಾಡಟ’ ಎಂದರೆ ‘ಬಂದನಂತೆ’. ದಖನಿಯು ಉತ್ತರದ ಉರ್ದುವಿನಲ್ಲಿ ಈ ಬಗೆಯಲ್ಲಿ ಬಳಕೆಯಾಗದ ‘ಕತೆ’ ಎಂಬ ರೂಪವನ್ನು ದ್ರಾವಿಡ ಭಾಷೆಗಳ ಒಡನಾಟದಲ್ಲಿ ಬೆಳೆಸಿಕೊಂಡಿದೆ. ‘ಹೇಳುತ್ತಾರೆ’ ಎಂಬರ್ಥದ ‘ಕಹತೇ’ ಸವೆದು ಹುಟ್ಟಿದ ಈ ಪದ ವಾಕ್ಯದ ಕೊನೆಯಲ್ಲಿ ಬರುತ್ತದೆ: ‘ಆಯಾ ಕತೆ’. ಕನ್ನಡದ ಕಿವಿಗೆ ಅದು ‘ಕಥೆ’ಯಂತೆ ಕೇಳುವುದು ಆಕಸ್ಮಿಕವಾದರೂ ಹಿತವಾದ ಆಕಸ್ಮಿಕ. ಅಂತೂ ಈ ಸೀಮೆಯಲ್ಲಿ ಭಾಷೆ ಬದಲಾದ ಕಾರಣಕ್ಕೆ ಬೇಲಿ ಮುರಿಯಬೇಕಾಗಿಲ್ಲ. ಮುರಿದರೆ ಅದನ್ನು ಮುರಿದವರು ಮನುಷ್ಯರು.

ಆದರೆ ಬೇರೆ ಕೆಲವು ಸಂಗತಿಗಳು ವ್ಯಾಕರಣದಿಂದಲೇ ಬದಲಾಗುತ್ತವೆ. ತೆಲುಗಿನ ಏಕವಚನದಲ್ಲಿ ‘ಅವಳು ಬಂದಳು’ ಎಂಬುದಕ್ಕೂ ‘ಅದು ಬಂತು’ ಎಂಬುದಕ್ಕೂ ಒಂದೇ ರೂಪ, ‘ವಚ್ಚಿಂದಿ’. ‘ರಾತ್ರಿ ವಚ್ಚಿಂದಟ’ ಎಂಬ ಮಾತನ್ನು ಕನ್ನಡಕ್ಕೆ ತರುವವನು ‘ಬಂದಳಂತೆ’ ಎನ್ನಬೇಕೋ ‘ಬಂತಂತೆ’ ಎನ್ನಬೇಕೋ ತಾನೇ ತೀರ್ಮಾನಿಸಬೇಕು. ಒಂದರಲ್ಲಿ ಹೆಂಗಸು ಬರುತ್ತಾಳೆ, ಇನ್ನೊಂದರಲ್ಲಿ ಪ್ರಾಣಿಯೋ ದೆವ್ವವೋ ಬರುತ್ತದೆ. ಕನ್ನಡ ನಾಡಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದೂ ತೆಲುಗು ನಾಡಿನ ಗೋಡೆಗಳ ಮೇಲೆ ‘ಓ ಸ್ತ್ರೀ, ರೇಪು ರಾ’ ಎಂದೂ ಬರೆಸಿದ ಹಳೆಯ ಪುಕಾರು ನೆನಪಾಗದಿರದು. ತೆಲುಗಿನ ಬರಹ ಬರುವವಳು ಹೆಣ್ಣೆಂದು ಹೆಸರಿಟ್ಟು ಕರೆಯಿತು. ಕನ್ನಡದ ಬರಹ ಬರುವುದು ಏನೆಂದು ಹೇಳದೆ ಬರಿದೇ ‘ಬಾ’ ಎಂದಿತು.

ಎರಡನೆಯದು ಬಹುವಚನದ ಸಂಗತಿ. ಗುರುತಿಲ್ಲದ ಒಬ್ಬನನ್ನು ಹೇಳುವಾಗಲೂ ಕನ್ನಡ ‘ಯಾರೋ ಬಂದಿದ್ದರು’ ಎನ್ನುತ್ತದೆ. ತೆಲುಗು ‘ಎವರೋ ವಚ್ಚಾರು’ ಎನ್ನುತ್ತದೆ. ‘ಯಾರೋ’ ಎಂಬ ಪದದ ಜೊತೆಗೆ ಬಹುವಚನ ತಾನಾಗಿ ಬರುತ್ತದೆ. ಮೊದಲು ಹೇಳಿದವನಿಗೆ ಅದು ‘ಗುರುತಿಲ್ಲ’ ಎಂಬುದರ ಸೂಚನೆ. ಕೇಳಿದವನಿಗೆ ಅದು ‘ಹಲವರು’ ಎಂದೇ ಕೇಳಿಸಬಹುದು. ಒಬ್ಬ ಅಪರಿಚಿತ ಗುಂಪಾಗಲು ಯಾರೂ ಸುಳ್ಳು ಹೇಳಬೇಕಾಗಿಲ್ಲ.

ಒಂದು ಕಲ್ಪಿತ ಪ್ರಸಂಗವನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸಿ ನೋಡಬಹುದು. ಮುಸ್ಸಂಜೆಯಲ್ಲಿ ಶಾಲೆಯ ಬಳಿ ಆಡುತ್ತಿದ್ದ ಮಕ್ಕಳನ್ನು ವಯಸ್ಸಾದ ಒಬ್ಬ ಹೆಂಗಸು ತನ್ನ ಮಗಳ ಮನೆಯ ದಾರಿ ಕೇಳುತ್ತಾಳೆ. ದಾರಿ ತೋರಿದ ಹುಡುಗನಿಗೆ ಚೀಲದಿಂದ ಒಂದು ಬಿಸ್ಕತ್ತಿನ ಪೊಟ್ಟಣ ಕೊಡುತ್ತಾಳೆ. ಹುಡುಗ ಮನೆಗೆ ಹೋಗಿ ತೆಲುಗಿನಲ್ಲಿ ಹೇಳುತ್ತಾನೆ, ‘ಎವರೋ ವಚ್ಚಾರು, ದಾರಿ ಅಡಿಗಾರು.’ ಅವನು ಕಂಡವನು, ಅವನ ಮಾತಿಗೆ ‘ಅಟ’ ಬೇಡ. ತಾಯಿ ಪಕ್ಕದ ಮನೆಯವಳಿಗೆ ಹೇಳುವಾಗ ‘ಅಟ’ವನ್ನು ನಿಷ್ಠೆಯಿಂದ ಸೇರಿಸುತ್ತಾಳೆ, ಆದರೆ ‘ದಾರಿ’ ಎಂಬ ಪದ ಬಿಟ್ಟುಹೋಗುತ್ತದೆ: ‘ಎವರೋ ವಚ್ಚಾರಟ, ಪಿಲ್ಲಲ್ನಿ ಅಡಿಗಾರಟ.’ ಪಕ್ಕದವಳು ಅದನ್ನು ತನ್ನ ಮನೆಯಲ್ಲಿ ಕನ್ನಡದಲ್ಲಿ ಹೇಳುತ್ತಾಳೆ: ‘ಯಾರೋ ಬಂದಿದ್ದರಂತೆ, ಮಕ್ಕಳನ್ನು ಕೇಳಿದರಂತೆ.’

ಇಲ್ಲಿ ಸುದ್ದಿಯ ಕೀಲು ತಿರುಗುತ್ತದೆ. ‘ಮಕ್ಕಳನ್ನು ಕೇಳಿದರು’ ಎಂಬುದಕ್ಕೆ ಮಕ್ಕಳ ಬಳಿ ವಿಚಾರಿಸಿದರು ಎಂಬ ಅರ್ಥವೂ ಇದೆ, ಮಕ್ಕಳು ಬೇಕೆಂದರು ಎಂಬ ಅರ್ಥವೂ ಇದೆ. ತೆಲುಗಿನ ವಾಕ್ಯಕ್ಕೂ ಇದೇ ಇಬ್ಬಗೆ. ದಾರಿ ಎಂಬ ಒಂದು ಪದ ಇದ್ದಷ್ಟು ಹೊತ್ತು ಎರಡನೆಯ ಅರ್ಥಕ್ಕೆ ಎಡೆಯಿರಲಿಲ್ಲ. ಅದು ಬಿದ್ದುಹೋದ ಮೇಲೆ ಕೇಳುವವನ ಅಂಜಿಕೆಯೇ ಅರ್ಥವನ್ನು ಆರಿಸುತ್ತದೆ. ಈವರೆಗೆ ಯಾರೂ ಸುಳ್ಳು ಹೇಳಿಲ್ಲ. ಹೊಸದಾಗಿ ಒಂದು ಸಂಗತಿಯನ್ನೂ ಸೇರಿಸಿಲ್ಲ.

ಮುಂದಿನ ಹೆಜ್ಜೆಗಳು ಕಿರಾಣಿ ಅಂಗಡಿಯ ಮುಂದೆ ನಡೆಯುತ್ತವೆ. ಅಲ್ಲಿ ಕೇಳುವವರು ಸುಮ್ಮನೆ ಕೇಳುವುದಿಲ್ಲ, ಪ್ರಶ್ನೆ ಹಾಕುತ್ತಾರೆ. ‘ಎಷ್ಟು ಮಂದಿ?’ ಎಂದು ಒಬ್ಬ ಕೇಳುತ್ತಾನೆ. ಹೇಳುವವನಿಗೆ ತಿಳಿಯದು, ತಿಳಿಯದೆನ್ನಲು ಮನಸ್ಸಿಲ್ಲ. ‘ಮೂರ್ನಾಲ್ಕು ಮಂದಿ ಇರಬಹುದು.’ ಮುಂದಿನ ಬಾಯಲ್ಲಿ ‘ಇರಬಹುದು’ ಅಳಿಸಿ ಲೆಕ್ಕ ಮಾತ್ರ ಉಳಿಯುತ್ತದೆ: ‘ಚಾರ್ ಲೋಗಾಂ ಆಯೆ ಥೆ ಕತೆ.’ ‘ಎಲ್ಲಿಯವರು?’ ಎಂಬುದು ಎರಡನೆಯ ಪ್ರಶ್ನೆ. ‘ನಮ್ಮ ಕಡೆಯವರು ಹೀಗೆ ಮಾಡುತ್ತಾರೆಯೇ? ಹೊಳೆಯ ಆಚೆಯವರೇ ಇರಬೇಕು.’ ಕೊನೆಗೆ ಬಸ್ಸು ನಿಲ್ಲುವ ಕಡೆ ಒಬ್ಬ ಜೋರಾಗಿ ಹೇಳುತ್ತಾನೆ: ‘ಹೊಳೆಯ ಆಚೆಯಿಂದ ಮಕ್ಕಳ ಕಳ್ಳರು ಬಂದಿದ್ದಾರೆ.’ ‘ಅಂತೆ’ ಇಲ್ಲಿ ಕಳಚಿತು. ‘ಬಂದಿದ್ದರಂತೆ’ ಎಂಬುದು ಮುಗಿದುಹೋದ ಸಂಗತಿ. ‘ಬಂದಿದ್ದಾರೆ’ ಎಂಬುದು ಅವರು ಇನ್ನೂ ಇಲ್ಲಿಯೇ ಇದ್ದಾರೆ ಎನ್ನುತ್ತದೆ. ಇದುವರೆಗೆ ಮಾತಾಗಿದ್ದದ್ದು ಈಗ ಕಾರ್ಯಕ್ಕೆ ಕರೆ. ಅದೇ ಸುದ್ದಿ ರಾತ್ರಿ ಹೊಳೆ ದಾಟಿದರೆ ಅಲ್ಲಿ ಕಳ್ಳರು ಈಚೆ ದಂಡೆಯವರಾಗುತ್ತಾರೆ. ದಿಕ್ಕು ಬದಲಾಯಿತು, ‘ಆಚೆಯವರು’ ಎಂಬ ಪದ ಹಾಗೆಯೇ ಉಳಿಯಿತು.

ದೂರು ಅಲ್ಲಿಗೇ ನಿಲ್ಲದು. ಆಚೆಯವರು ಕೈಗೆ ಸಿಗುವುದಿಲ್ಲ. ಸಿಕ್ಕದವರ ಮೇಲಿನ ಸಿಟ್ಟು ಸಿಗುವವರನ್ನು ಹುಡುಕುತ್ತದೆ. ‘ಊರೊಳಗೆ ಬಿಟ್ಟುಕೊಂಡವರು ಯಾರು?’ ಎಂಬ ಪ್ರಶ್ನೆ ಏಳುತ್ತಲೇ ದೂರು ಊರ ಹೊರಗಿನಿಂದ ಒಳಕ್ಕೆ ತಿರುಗುತ್ತದೆ. ಹೊತ್ತಿಗೆ ಮುಂಚೆ ಶಾಲೆಗೆ ಬೀಗ ಹಾಕಿದ ಮಾಸ್ತರ ಒಂದು ಗಳಿಗೆ ಅಪರಾಧಿ. ಗುಳೆ ಹೋಗಿ ಗುಂಟೂರಿನ ಮೆಣಸಿನಕಾಯಿ ಹೊಲಗಳಲ್ಲಿ ದುಡಿದು, ಹೊರಗಿನವರ ಗುರುತು ಮಾಡಿಕೊಂಡು ಬಂದ ಮನೆಯವರು ಮರುಗಳಿಗೆ ಅಪರಾಧಿಗಳು. ಮುದುಕಿ ಅಂದು ಇಳಿದುಕೊಂಡಿರುವುದು ಅಂಥದೇ ಒಂದು ಮನೆಯಲ್ಲಿ ಎಂದಿಟ್ಟುಕೊಂಡರೆ ಪ್ರಸಂಗಕ್ಕೆ ಕಥೆಯ ಅಂತ್ಯ ಸಿಗುತ್ತದೆ: ಜನ ಬಾಗಿಲು ತಟ್ಟಿ ‘ಯಾರಾದರೂ ಬಂದಿದ್ದಾರೆಯೇ’ ಎನ್ನುವಾಗ ಒಳಗಿನವರು ‘ಹೌದು, ನಮ್ಮತ್ತೆ ಬಂದಿದ್ದಾರೆ’ ಎಂದು ನಿಜವನ್ನೇ ಹೇಳುತ್ತಾರೆ. ‘ಬಂದಿದ್ದಾರೆ’ ಎಂಬ ಗೌರವದ ಬಹುವಚನ ಹೊರಗಿನವರ ಕಿವಿಯಲ್ಲಿ ಮತ್ತೆ ಗುಂಪಾಗುತ್ತದೆ.

ದೂರು ಹೀಗೆ ಒಂದು ನಿಶ್ಚಿತ ದಿಕ್ಕಿಗೇ ಏಕೆ ಹರಿಯುತ್ತದೆ? ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೊ ಪೋಸ್ಟ್‌ಮನ್ 1947ರಲ್ಲಿ ಪ್ರಕಟಿಸಿದ ವದಂತಿಯ ಮನಶ್ಶಾಸ್ತ್ರವೆಂಬ ಗ್ರಂಥದಲ್ಲಿ ಒಂದು ಪ್ರಯೋಗವನ್ನು ವರ್ಣಿಸುತ್ತಾರೆ. ರೈಲುಡಬ್ಬಿಯೊಂದರ ಚಿತ್ರ, ಅದರಲ್ಲಿ ಒಬ್ಬ ಕರಿಯನೂ ಒಬ್ಬ ಬಿಳಿಯನೂ ಎದುರುಬದುರು ನಿಂತಿದ್ದಾರೆ, ಕ್ಷೌರದ ಕತ್ತಿ ಬಿಳಿಯನ ಕೈಯಲ್ಲಿದೆ. ಚಿತ್ರ ನೋಡಿದವನು ನೋಡದವನಿಗೆ ಹೇಳಬೇಕು, ಅವನು ಮತ್ತೊಬ್ಬನಿಗೆ, ಹೀಗೆ ಸರಪಣಿ. ಅರ್ಧಕ್ಕಿಂತ ಹೆಚ್ಚು ಸರಪಣಿಗಳಲ್ಲಿ ಯಾವುದೋ ಒಂದು ಹಂತದಲ್ಲಿ ಕತ್ತಿಯು ಕರಿಯನ ಕೈ ಸೇರಿತೆಂದು ಅವರು ದಾಖಲಿಸಿದರು. ಹೇಳುತ್ತ ಹೋದಂತೆ ವಿವರಗಳು ಉದುರುತ್ತವೆ, ಉಳಿದವು ಹರಿತವಾಗುತ್ತವೆ, ಹರಿತವಾದವು ಕೇಳುಗರ ಮೊದಲಿನ ನಂಬಿಕೆಗೆ ಒಗ್ಗಿಕೊಳ್ಳುತ್ತವೆ ಎಂಬುದು ಅವರ ತೀರ್ಮಾನ.

ಈ ಪ್ರಯೋಗಕ್ಕೆ ಒಂದು ಮಿತಿಯಿದೆ, ಲೇಖಕನಿಗೆ ಅದು ಮುಖ್ಯವಾದದ್ದು. ಅಲ್ಲಿ ಕೇಳುವವನು ಮರುಪ್ರಶ್ನೆ ಹಾಕುವಂತಿರಲಿಲ್ಲ. ಊರಿನಲ್ಲಿ ವದಂತಿ ಬರಿದೇ ಸವೆಯುವುದಿಲ್ಲ; ಪ್ರಶ್ನೆಗಳಿಂದ ಬೆಳೆಯುತ್ತದೆ. ಮೇಲಿನ ಪ್ರಸಂಗದಲ್ಲಿ ‘ನಾಲ್ಕು’ ಎಂಬ ಸಂಖ್ಯೆಯಾಗಲಿ ‘ಹೊಳೆಯಾಚೆ’ ಎಂಬ ದಿಕ್ಕಾಗಲಿ ಹೇಳುವವನ ಕೆಟ್ಟತನದಿಂದ ಹುಟ್ಟಿದ್ದಲ್ಲ. ಕೇಳುವವನ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು. ಆದ್ದರಿಂದ ವದಂತಿಯನ್ನು ಬರೆಯುವವನು ಹೇಳುವವರ ಮೇಲಷ್ಟೇ ಕಣ್ಣಿಟ್ಟರೆ ಅರ್ಧ ಮಾತ್ರ ಕಾಣುತ್ತಾನೆ. ಉಳಿದರ್ಧ ಇರುವುದು ಕುತೂಹಲದಿಂದ, ಹಲವೊಮ್ಮೆ ಒಳ್ಳೆಯ ಮನಸ್ಸಿನಿಂದ ಪ್ರಶ್ನೆ ಕೇಳಿದವರಲ್ಲಿ.

ಇದೆಲ್ಲ ಬರಿಯ ಕಥನಕಲೆಯ ಚರ್ಚೆಯಲ್ಲ ಎಂಬುದಕ್ಕೆ 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದುದೇ ಸಾಕ್ಷಿ. ಹೈದರಾಬಾದಿನಿಂದ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಶಂಕೆ ಎದ್ದು ಮಾತಿಗೆ ಮಾತು ಬೆಳೆಯಿತು. ಅವರು ಕಾರಿನಲ್ಲಿ ಹೊರಟರು. ಅವರಿಗಿಂತ ಮುಂಚೆ ಅವರ ದೃಶ್ಯ ವಾಟ್ಸ್‌ಆ್ಯಪಿನಲ್ಲಿ ಮುಂದಿನ ಊರನ್ನು ಮುಟ್ಟಿತ್ತು. ಮುರ್ಕಿಯಲ್ಲಿ ದಾರಿ ಕಟ್ಟಲಾಗಿತ್ತು. ಗುಂಪಿನ ಹೊಡೆತಕ್ಕೆ ಒಬ್ಬ ತರುಣ ಎಂಜಿನಿಯರ್ ಸತ್ತನು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಮೊದಲ ಊರಿನಲ್ಲಿ ಮಕ್ಕಳಿದ್ದರು, ಚಾಕೊಲೇಟಿತ್ತು, ಕೇಳಿ ತಿಳಿಯಬಹುದಾದ ಸಂಗತಿಯಿತ್ತು. ಎರಡನೆಯ ಊರನ್ನು ಮುಟ್ಟಿದ್ದು ತೀರ್ಪು ಮಾತ್ರ.

ಈ ಪ್ರಕರಣ ಆಡುಮಾತಿನ ವದಂತಿಗೂ ಮೊಬೈಲಿನ ವದಂತಿಗೂ ಇರುವ ಅಂತರವನ್ನು ತೋರುತ್ತದೆ. ದೃಶ್ಯಕ್ಕೆ ‘ಅಂತೆ’ ಎಂಬ ರೂಪವೇ ಇಲ್ಲ. ಅದನ್ನು ಕಂಡವನು ‘ಬಂದರಂತೆ’ ಎನ್ನುವುದಿಲ್ಲ, ‘ನಾನೇ ನೋಡಿದೆ’ ಎನ್ನುತ್ತಾನೆ. ನೋಡಿದ್ದು ಏನನ್ನು ಎಂಬುದು ಬೇರೆ ಮಾತು. ಆ ವರ್ಷ ನಾಡಿನಾದ್ಯಂತ ಹರಿದಾಡಿದ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ತುಣುಕು ಮೂಲದಲ್ಲಿ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಪ್ರಚಾರಚಿತ್ರ. ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕವನ್ನು ತೋರಿಸುವ ಕೊನೆಯ ಭಾಗವನ್ನು ಕತ್ತರಿಸಲಾಗಿತ್ತು. ‘ದಾರಿ’ ಎಂಬ ಪದ ಬಿದ್ದುಹೋದ ಹಾಗೆಯೇ ಇದು. ಆದರೆ ಇಲ್ಲಿ ಬಿದ್ದದ್ದಲ್ಲ, ಕತ್ತರಿಸಿದ್ದು.

ಅದೇ ವರ್ಷ ತುಂಗಭದ್ರೆಯ ಆಚೆಯ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದ ರೆಮಾ ರಾಜೇಶ್ವರಿಯವರ ಕ್ರಮವನ್ನು ಇದರ ಮಗ್ಗುಲಲ್ಲಿ ಇಟ್ಟು ನೋಡಬೇಕು. ಊರುಗಳಿಗೆ ಒಬ್ಬೊಬ್ಬ ಪೊಲೀಸನನ್ನು ಗೊತ್ತುಪಡಿಸಿ, ಅವರು ಮನೆಮನೆಗೆ ಹೋಗಿ ಮಾತನಾಡುವಂತೆ ಮಾಡಲಾಯಿತು. ಜನಪದ ಕಲಾವಿದರಿಂದ ಹಾಡು ಹೇಳಿಸಲಾಯಿತು. ಬೇಸಿಗೆಯಲ್ಲಿ ಅಂಗಳದಲ್ಲಿ ಮಲಗುವ ಜನ ಬಾಗಿಲು ಹಾಕಿಕೊಂಡು ಒಳಗೆ ಮಲಗತೊಡಗಿದ್ದು ಅವರಿಗೆ ಸಿಕ್ಕ ಮೊದಲ ಸುಳಿವು. ಬರೆಯುವವನಿಗೆ ಇದು ದೊಡ್ಡ ಪಾಠ. ವದಂತಿ ಹಬ್ಬಿದೆ ಎಂದು ಹೇಳುವುದಕ್ಕಿಂತ ಬಯಲಲ್ಲಿ ಖಾಲಿ ಬಿದ್ದ ಹೊರಸನ್ನು ತೋರಿಸುವುದು ಹೆಚ್ಚು ನಿಖರ.

ಕನ್ನಡದ ಕಥನದಲ್ಲಿ ದೂರು ಸರಿಯುವ ಬಗೆಯನ್ನು ತಾಳ್ಮೆಯಿಂದ ಹಿಂಬಾಲಿಸಿದ ಕೃತಿಗಳಲ್ಲಿ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಮುಖ್ಯವಾದದ್ದು. ವೈದೇಹಿಯವರ ಕಥೆಯಲ್ಲಿ ಸಣ್ಣ ಪೇಟೆಗೆ ಚಿತ್ರಮಂದಿರ ಬರುತ್ತದೆ. ಕಾಸರವಳ್ಳಿಯವರು ಅದನ್ನು ಕಾರ್ಗಿಲ್ ಯುದ್ಧದ ಕಾಲದ, ಕುಂದಾಪುರ ಕಡೆಯ ಮೀನುಗಾರರ ಊರಿಗೆ ತಂದರು. ಸೂಲಗಿತ್ತಿ ಗುಲಾಬಿಯ ಮನೆಗೆ ಟಿ.ವಿ. ಬರುತ್ತದೆ, ಅಕ್ಕಪಕ್ಕದ ಹೆಂಗಸರು ಅಲ್ಲಿ ಸೇರುತ್ತಾರೆ. ಅವರಲ್ಲಿ ಒಬ್ಬಳಾದ ನೇತ್ರು ಒಂದು ದಿನ ಕಾಣೆಯಾಗುತ್ತಾಳೆ. ಆ ವೇಳೆಗೆ ಊರಿನಲ್ಲಿ ದೊಡ್ಡ ದೋಣಿಗಳವರಿಗೂ ಸಣ್ಣ ದೋಣಿಗಳವರಿಗೂ ಮೀನಿನ ಜಗಳ ಎದ್ದಿದೆ. ಅದು ಮೆಲ್ಲಗೆ ಧರ್ಮದ ಜಗಳದ ವೇಷ ತೊಡುತ್ತಿದೆ. ನೇತ್ರು ಎಲ್ಲಿ ಹೋದಳೆಂಬ ಪ್ರಶ್ನೆ ಬಲುಬೇಗ ಅವಳನ್ನು ಕೆಡಿಸಿದವರು ಯಾರೆಂಬ ಪ್ರಶ್ನೆಯಾಗುತ್ತದೆ. ಮೀನಿನ ಸಿಟ್ಟು ಮೀನಿನ ವ್ಯಾಪಾರವೇ ಇಲ್ಲದ ಒಂಟಿ ಹೆಂಗಸಿನ ಬಾಗಿಲಿಗೆ ಬರುತ್ತದೆ. ಚಿತ್ರದ ಬಲವಿರುವುದು ಈ ಎರಡು ಜಗಳಗಳನ್ನು ಮೊದಲು ಬೇರೆಬೇರೆಯಾಗಿ ಕಾಣಿಸಿ, ಅವು ಸೇರುವ ಗಳಿಗೆಯನ್ನು ನೋಡುಗನೇ ಗುರುತಿಸುವಂತೆ ಬಿಟ್ಟದ್ದರಲ್ಲಿ.

ಅದರ ಮಿತಿಯೂ ಅಲ್ಲಿಯೇ ಇದೆ. ಚಿತ್ರವು ದೂರಿನ ದೊಡ್ಡ ಹಾದಿಯನ್ನು ತೋರುತ್ತದೆ. ಬಾಯಿಂದ ಬಾಯಿಗೆ ವಾಕ್ಯ ಬದಲಾಗುವ ಸಣ್ಣ ಹಾದಿಯನ್ನು ಕ್ಯಾಮರಾ ಅಷ್ಟಾಗಿ ಹಿಡಿಯಲಾರದು. ಅದು ಗದ್ಯಕ್ಕೆ ಉಳಿದ ಕೆಲಸ. ಗದ್ಯ ಬರೆಯುವವನಿಗೆ ಇರುವ ತೊಡಕು ನಿರೂಪಕನದು. ‘ಅವನು ಬಂದನು’ ಎಂದು ಬರೆದರೆ ಓದುಗ ಅದನ್ನು ನಿಜವೆಂದೇ ಹಿಡಿಯುತ್ತಾನೆ. ಪ್ರತಿ ವಾಕ್ಯಕ್ಕೂ ‘ಅಂತೆ’ ಹಚ್ಚಿದರೆ ನಿರೂಪಕನೇ ಊರಿನ ಹರಟೆಮಲ್ಲನಾಗುತ್ತಾನೆ. ಪತ್ರಿಕೆಗಳು ಕಂಡುಕೊಂಡಿರುವ ‘ಎನ್ನಲಾಗಿದೆ’ ಎಂಬ ಉಪಾಯ ಇನ್ನೂ ಕೆಟ್ಟದ್ದು. ‘ಅಂತೆ’ಯಲ್ಲಿ ‘ಯಾರು ಹೇಳಿದರು?’ ಎಂದು ತಿರುಗಿ ಕೇಳಲು ಎದುರಿಗೆ ಒಬ್ಬ ಮನುಷ್ಯನಾದರೂ ಇರುತ್ತಾನೆ. ‘ಎನ್ನಲಾಗಿದೆ’ಯಲ್ಲಿ ಆ ಎಡೆಯೂ ಮುಚ್ಚಿದೆ.

ಎ. ಕೆ. ರಾಮಾನುಜನ್ ಸಂಗ್ರಹಿಸಿದ, ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡ ಹೆಣ್ಣಿನ ಕನ್ನಡ ಜನಪದ ಕಥೆ ಈ ತೊಡಕಿಗೆ ಒಂದು ಪರಿಹಾರವನ್ನು ಸೂಚಿಸುತ್ತದೆ. ಹೇಳದೆ ಉಳಿದ ಕಥೆ ಜೋಡಾಗಿ, ಹಾಡು ಅಂಗಿಯಾಗಿ ಮನೆಯಲ್ಲಿ ಕಾಣಿಸಿಕೊಳ್ಳುತ್ತವೆ. ಗಂಡ ಅವನ್ನು ಕಂಡು ಪರಪುರುಷನ ಗುರುತೆಂದು ಶಂಕಿಸಿ, ಜಗಳವಾಡಿ, ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ರಾತ್ರಿ ಊರಿನ ದೀಪಗಳೆಲ್ಲ ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವೆ. ತಡವಾಗಿ ಬಂದ ಅವನ ಮನೆಯ ದೀಪ ನಡೆದುದನ್ನು ಹೇಳುತ್ತದೆ. ದೀಪಗಳದೂ ಹರಟೆಯೇ. ಆದರೆ ದೀಪವು ತಾನು ಉರಿದ ಮನೆಯ ಸಂಗತಿಯನ್ನು ಮಾತ್ರ ಹೇಳುತ್ತದೆ. ಅದರ ಮಾತಿಗೆ ‘ಅಂತೆ’ಯ ಹಂಗಿಲ್ಲ. ಗಂಡನಾದರೋ ಕಂಡದ್ದು ಜೋಡನ್ನು, ತೀರ್ಮಾನಿಸಿದ್ದು ಮನುಷ್ಯನನ್ನು. ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂಬ ಮೂರನ್ನೂ ಕಥೆ ಒಂದರಿಂದೊಂದು ಬೇರ್ಪಡಿಸಿ ಇಟ್ಟಿದೆ. ವದಂತಿಯನ್ನು ಬರೆಯುವ ನಿರೂಪಕ ದೀಪದ ಹಾಗಿರಬೇಕು: ಒಂದೊಂದು ಮನೆಯಲ್ಲಿ ಆಡಿದ ಮಾತನ್ನು ಆಡಿದಂತೆಯೇ ಮುಂದಿಟ್ಟು, ಮನೆಗಳ ನಡುವಿನ ಕತ್ತಲಲ್ಲಿ ಬಿದ್ದುಹೋದ ಪದವನ್ನು ಹುಡುಕುವ ಕೆಲಸವನ್ನು ಓದುಗನಿಗೆ ಬಿಡಬೇಕು.

ಹೀಗೆ ಬರೆದಾಗ ವದಂತಿಯ ಕೊನೆಯ ಹೆಜ್ಜೆಯೂ ಕಣ್ಣಿಗೆ ಬೀಳುತ್ತದೆ. ನಿಜ ತಿಳಿದ ಮೇಲೆ ಊರು ಮೌನವಾಗುವುದಿಲ್ಲ. ಅದರ ವ್ಯಾಕರಣ ಬದಲಾಗುತ್ತದೆ. ಬಸ್ಸು ನಿಲ್ಲುವ ಕಡೆ ‘ಬಂದಿದ್ದಾರೆ’ ಎಂದು ಕೂಗಿದವನೇ ಮರುದಿನ ‘ಯಾರೋ ಹಾಗೆ ಅಂದರಂತೆ’ ಎನ್ನುತ್ತಾನೆ. ಬಾಗಿಲು ತಟ್ಟಿದವರು ‘ಜನ ಸೇರಿದ್ದರಂತೆ’ ಎನ್ನುತ್ತಾರೆ. ಇನ್ನೊಬ್ಬರ ಮೇಲೆ ದೂರು ಹೊರಿಸುವಾಗ ಕಳಚಿಬಿದ್ದ ‘ಅಂತೆ’, ತಮ್ಮ ಹೊಣೆಯನ್ನು ಕಳಚಿಕೊಳ್ಳುವಾಗ ತಪ್ಪದೆ ಮರಳಿ ಬರುತ್ತದೆ. ಅದು ಬಿದ್ದದ್ದು ಯಾರ ಬಾಯಲ್ಲಿ, ಮರಳಿದ್ದು ಯಾರ ಬಾಯಲ್ಲಿ ಎಂದು ತೋರಿಸಿದ ಬರಹದಲ್ಲಿ ಊರು ಎಂಬುದು ಒಂದು ಗುಂಪಾಗಿ ಉಳಿಯುವುದಿಲ್ಲ. ಪ್ರತಿಯೊಬ್ಬರಿಗೂ ತಾವಾಡಿದ ವಾಕ್ಯ ಅವರವರ ಪಾಲಿಗೆ ಬರುತ್ತದೆ.